ಮಗುವಿಗೆ ಮೊಟ್ಟೆ, ಹಾಲು 'ಆಗಿಬರಲ್ಲ' ಅಂದ್ರೆ ಏನು? ಅಲರ್ಜಿ ಯಾವುದು, ಅರಗದ್ದು ಯಾವುದು, ಆಂಬುಲೆನ್ಸ್ ಕರೆಯೋದು ಯಾವಾಗ?

ನಮ್ಮ ಊರ ಕಡೆ ಮಗುವಿಗೆ ತಿಂದದ್ದರಿಂದ ಏನೇ ತೊಂದರೆಯಾದರೂ ಒಂದೇ ಮಾತು: "ಅವನಿಗೆ ಅದು ಆಗಿಬರಲ್ಲ." ಹಾಲು ಕುಡಿದು ಹೊಟ್ಟೆ ಉಬ್ಬಿದರೂ ಆಗಿಬರಲ್ಲ, ಮೊಟ್ಟೆ ತಿಂದು ಮೈತುಂಬ ಗಂಧೆ ಎದ್ದರೂ ಆಗಿಬರಲ್ಲ. ಮಾತು ಒಂದೇ ಆದರೂ ಇವೆರಡೂ ಬೇರೆ ಬೇರೆ ತೊಂದರೆಗಳು. ಒಂದರಲ್ಲಿ ಮಗು ಕಿರಿಕಿರಿ ಮಾಡುತ್ತದೆ, ಇನ್ನೊಂದು ಅಪರೂಪಕ್ಕೆ ಜೀವಕ್ಕೇ ಬರಬಹುದು. ಈ ವ್ಯತ್ಯಾಸ ನನಗೆ ಗೊತ್ತಾದದ್ದು ನನ್ನ ಎರಡನೇ ಮಗನ ವಿಷಯದಲ್ಲಿ ಒಮ್ಮೆ ತಪ್ಪು ಮಾಡಿದ ಮೇಲೆ. ನಾನು ವೈದ್ಯನಲ್ಲ, ಶಾರ್ಜಾದಲ್ಲಿ ಲೆಕ್ಕಪತ್ರ ನೋಡುವವನು. ಆದರೆ ಈ ನಾಲ್ಕು ವರ್ಷದಲ್ಲಿ ಮಕ್ಕಳ ಅಲರ್ಜಿ ತಜ್ಞರ ಎದುರು ಕುಳಿತು ಕೇಳಿ, ಬರೆದುಕೊಂಡು, ಮನೆಯಲ್ಲಿ ಪಾಲಿಸಿಕೊಂಡು ಬಂದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಹೊಸದಾಗಿ ಸಂಸಾರ ಕರೆಸಿಕೊಂಡವರಿಗೆ, ಮನೆಯಲ್ಲಿ ಹಿರಿಯರಿಲ್ಲದೆ ಚಿಕ್ಕ ಮಗು ಸಾಕುತ್ತಿರುವವರಿಗೆ ಉಪಯೋಗವಾದೀತು.

ಮೊದಲ ಸಲ ಆದದ್ದು

ಮಗನಿಗೆ ಆಗ 13 ತಿಂಗಳು. ರಜೆಯ ದಿನ ಬೆಳಿಗ್ಗೆ ಹೆಂಡತಿ ಮೊಟ್ಟೆ ಒಡೆದು ಬಾಣಲೆಯಲ್ಲಿ ಕೆದಕಿ ಮೂರು ಚಮಚ ತಿನ್ನಿಸಿದಳು. ಎಂಟು-ಹತ್ತು ನಿಮಿಷದಲ್ಲಿ ತುಟಿಯ ಸುತ್ತ ಕೆಂಪಾಯಿತು. ಮತ್ತೆ ಐದು ನಿಮಿಷಕ್ಕೆ ಹೊಟ್ಟೆ, ಬೆನ್ನು, ತೊಡೆಯ ಮೇಲೆ ಸೊಳ್ಳೆ ಕಚ್ಚಿದಂಥ ಉಬ್ಬಿದ ಗಂಧೆ, ಎಡಗಣ್ಣಿನ ರೆಪ್ಪೆ ಸ್ವಲ್ಪ ಊತ. ಮಗು ಮೈ ತುರಿಸಿಕೊಳ್ಳುತ್ತಿದ್ದ, ಆದರೆ ಆಟ ನಿಲ್ಲಿಸಿರಲಿಲ್ಲ. ಕೆಮ್ಮಿಲ್ಲ, ವಾಂತಿ ಇಲ್ಲ.

ಊರಿಗೆ ವಿಡಿಯೋ ಕಾಲ್ ಮಾಡಿದೆವು. ಅಮ್ಮ ನೋಡಿ, "ಪಿತ್ತ ಎದ್ದಿದೆ ಮಗಾ, ಉಷ್ಣಕ್ಕೆ ಹೀಗೇ ಆಗ್ತದೆ" ಅಂದರು. ಅವರ ಮಾತು ಪೂರ್ತಿ ತಪ್ಪಲ್ಲ. ನಾವು ಪಿತ್ತ, ಪಿತ್ತಗಂಧೆ ಅನ್ನುವುದೂ ಡಾಕ್ಟರು ಹೈವ್ಸ್ ಅನ್ನುವುದೂ ಒಂದೇ. ತಪ್ಪಿರುವುದು 'ಉಷ್ಣ' ಅನ್ನುವ ಕಾರಣದಲ್ಲಿ.

ಕ್ಲಿನಿಕ್‌ಗೆ ಹೋದೆವು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಉಸಿರು ಕೇಳಿದರು, ಬಾಯಿ ನೋಡಿದರು, ಅಲರ್ಜಿಯ ಸಿರಪ್ ಕೊಟ್ಟು ಎರಡು ಗಂಟೆ ಅಲ್ಲೇ ಕೂರಿಸಿಕೊಂಡರು. ಸಂಜೆಯೊಳಗೆ ಗಂಧೆ ಮಾಯ. ನನಗೆ ಅರ್ಥವಾಗದ ಸಂಗತಿ ಒಂದಿತ್ತು. ಒಂದು ತಿಂಗಳ ಹಿಂದೆ ಅಣ್ಣನ ಹುಟ್ಟುಹಬ್ಬದಲ್ಲಿ ಇವನೂ ಕೇಕ್ ತಿಂದಿದ್ದ, ಕೇಕ್‌ನಲ್ಲೂ ಮೊಟ್ಟೆ ಇತ್ತು, ಆಗ ಏನೂ ಆಗಿರಲಿಲ್ಲ. ಹಾಗಿದ್ದರೆ ಇದು ಮೊಟ್ಟೆಯಿಂದ ಹೇಗೆ?

ಕೇಕ್ ಸರಿ, ಆಮ್ಲೆಟ್ ಯಾಕೆ ಆಗಲ್ಲ?

ಮೊಟ್ಟೆಯ ಅಲರ್ಜಿ ಬಹುಪಾಲು ಅದರ ಬಿಳಿ ಭಾಗದ ಪ್ರೋಟೀನ್‌ಗಳಿಂದ ಬರುತ್ತದೆ. ಅವುಗಳಲ್ಲಿ ಕೆಲವು ಕಾವಿಗೆ ಬೇಗ ಸ್ವರೂಪ ಕಳೆದುಕೊಳ್ಳುತ್ತವೆ, ಇನ್ನು ಕೆಲವು ಕಾವನ್ನು ತಡೆದುಕೊಳ್ಳುತ್ತವೆ. ಕೇಕ್ ಒಲೆಯಲ್ಲಿ ಸುಮಾರು 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯುತ್ತದೆ, ಜೊತೆಗೆ ಗೋಧಿ ಹಿಟ್ಟಿನೊಳಗೆ ಮೊಟ್ಟೆ ಬೆರೆತಿರುತ್ತದೆ. ಅದರಲ್ಲಿ ಅಲರ್ಜಿ ಎಬ್ಬಿಸುವ ಶಕ್ತಿ ಬಹಳ ತಗ್ಗುತ್ತದೆ. ಬಾಣಲೆಯಲ್ಲಿ ಎರಡು ನಿಮಿಷ ಕೆದಕಿದ ಮೊಟ್ಟೆಯಲ್ಲಿ ಅಷ್ಟು ತಗ್ಗುವುದಿಲ್ಲ. ಮಯೋನೀಸ್‌ನಲ್ಲಂತೂ ಮೊಟ್ಟೆ ಹೆಚ್ಚಾಗಿ ಬೇಯದೆ ಹಸಿಯಾಗೇ ಇರುತ್ತದೆ.

ಹಾಗಾಗಿ ಮೊಟ್ಟೆ ಅಲರ್ಜಿ ಇರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಚೆನ್ನಾಗಿ ಬೆಂದ ಕೇಕ್ ತಿಂದು ಅರಗಿಸಿಕೊಳ್ಳುತ್ತಾರೆ. ಮೊದಲೇ ತೊಂದರೆಯಿಲ್ಲದೆ ತಿನ್ನುತ್ತಿದ್ದರೆ ಅದನ್ನು ನಿಲ್ಲಿಸಬೇಡಿ ಅಂತ ನಮಗೆ ಡಾಕ್ಟರು ಹೇಳಿದರು. ಆದರೆ ಒಮ್ಮೆಯೂ ಕೇಕ್ ತಿನ್ನದ, ಮೊಟ್ಟೆಗೆ ಗಂಧೆ ಎದ್ದ ಮಗುವಿಗೆ "ಕೇಕ್ ಆಗ್ತದಂತೆ" ಅಂತ ಮನೆಯಲ್ಲೇ ಪರೀಕ್ಷೆ ಮಾಡುವುದು ಬೇಡ. ಅದನ್ನು ಆಸ್ಪತ್ರೆಯಲ್ಲಿ, ಔಷಧಿ ಪಕ್ಕದಲ್ಲಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಕೊಟ್ಟು ನೋಡುತ್ತಾರೆ.

ಅಲರ್ಜಿ ಅಂದ್ರೆ ಕಾವಲುಗಾರನ ತಪ್ಪು

ನಮ್ಮ ದೇಹಕ್ಕೆ ರೋಗಾಣುಗಳನ್ನು ತಡೆಯುವ ಕಾವಲು ಪಡೆ ಇದೆ. ಅಲರ್ಜಿಯಲ್ಲಿ ಈ ಕಾವಲುಗಾರ ಮೊಟ್ಟೆಯ ಅಥವಾ ಹಾಲಿನ ಪ್ರೋಟೀನನ್ನೇ ಶತ್ರು ಅಂತ ತಿಳಿಯುತ್ತಾನೆ. ಆ ಪ್ರೋಟೀನ್ ಮತ್ತೆ ಬಂದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಚರ್ಮದಲ್ಲಿ ಆದರೆ ಗಂಧೆ, ತುಟಿ-ಕಣ್ಣಿನಲ್ಲಿ ಆದರೆ ಊತ, ಹೊಟ್ಟೆಯಲ್ಲಿ ಆದರೆ ವಾಂತಿ, ಉಸಿರಿನ ದಾರಿಯಲ್ಲಿ ಆದರೆ ಕೆಮ್ಮು ಮತ್ತು ಗೊರಗೊರ. ಇದು ಶುರುವಾಗುವುದು ತಿಂದ ಕೆಲವೇ ನಿಮಿಷದಲ್ಲಿ, ಬಹಳವೆಂದರೆ ಎರಡು ಗಂಟೆಯೊಳಗೆ. ಪ್ರಮಾಣವೂ ಬಹಳ ಬೇಕಿಲ್ಲ. ಅರ್ಧ ಚಮಚ ಸಾಕು. ಅಲರ್ಜಿಯಲ್ಲೇ ತಡವಾಗಿ ಬರುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಹಾಲು ಕುಡಿಯುವ ಕೂಸಿಗೆ ಮಲದಲ್ಲಿ ರಕ್ತ ಕಾಣಬಹುದು, ಅಥವಾ ತಿಂದು ಒಂದರಿಂದ ನಾಲ್ಕು ಗಂಟೆಗೆ ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಳ್ಳಬಹುದು. ಇವು ಕಂಡರೂ ಡಾಕ್ಟರ ಹತ್ತಿರ ಹೋಗಲೇಬೇಕು.

ಅರಗದಿರುವುದು ಬೇರೆ

ಇದಕ್ಕೆ ನಮ್ಮ ಕಟ್ಟಡದ ಕೆಳಗಿನ ಮಹಡಿಯ ಗೆಳೆಯನ ಮಗಳ ಕಥೆ ಹೇಳುತ್ತೇನೆ. ಒಂದೂವರೆ ವರ್ಷದ ಮಗು. ಐದು ದಿನ ಜೋರು ಭೇದಿಯಾಗಿ ವಾಸಿಯಾಯಿತು. ಆಮೇಲೆ ಹಾಲು ಕೊಟ್ಟಾಗಲೆಲ್ಲ ಹೊಟ್ಟೆ ಉಬ್ಬರ, ಗ್ಯಾಸ್, ಹುಳಿ ವಾಸನೆಯ ನೀರಿನಂಥ ಭೇದಿ, ಡಯಾಪರ್ ಜಾಗ ಕೆಂಪು. ಗಂಧೆ ಇಲ್ಲ, ಊತ ಇಲ್ಲ, ಕೆಮ್ಮಿಲ್ಲ. ಎರಡು ಚಮಚ ಮೊಸರು ಕೊಟ್ಟರೆ ಏನೂ ಆಗುತ್ತಿರಲಿಲ್ಲ, ಒಂದು ಲೋಟ ಹಾಲಿಗೆ ಆಗುತ್ತಿತ್ತು. "ಮಗೂಗೆ ಹಾಲಿನ ಅಲರ್ಜಿ" ಅಂತ ಮನೆಯವರು ತೀರ್ಮಾನಿಸಿಬಿಟ್ಟಿದ್ದರು.

ಅದು ಅಲರ್ಜಿಯಾಗಿರಲಿಲ್ಲ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನ ಒಳಪದರದ ತುದಿಯಲ್ಲಿರುತ್ತದೆ. ಭೇದಿಯಲ್ಲಿ ಆ ಪದರ ಸವೆದುಹೋಗುತ್ತದೆ. ಒಡೆಯದ ಸಕ್ಕರೆ ಕೆಳಗಿನ ಕರುಳಿಗೆ ಹೋಗಿ ಹುಳಿಯುತ್ತದೆ, ಗ್ಯಾಸ್ ಆಗುತ್ತದೆ. ಪದರ ಮತ್ತೆ ಬೆಳೆಯಲು ಕೆಲವು ವಾರ ಸಾಕು. ಆ ಮಗುವಿಗೂ ಡಾಕ್ಟರು ಹೇಳಿದಂತೆ ಕೆಲವು ದಿನ ಹಾಲು ತಗ್ಗಿಸಿ, ಮೊಸರು ಕೊಟ್ಟು, ತಿಂಗಳ ಮೇಲೆ ಹಾಲು ಶುರು ಮಾಡಿದರು, ಸರಿಹೋಯಿತು. ಇಲ್ಲಿ ಪ್ರಮಾಣದ ಮೇಲೆ ತೊಂದರೆ ನಿಂತಿದೆ. ಸ್ವಲ್ಪ ನಡೆಯುತ್ತದೆ, ಜಾಸ್ತಿಯಾದರೆ ಕಷ್ಟ. ಭೇದಿಯಲ್ಲಿ ನೀರಿನಂಶ ಕಳೆದುಕೊಳ್ಳದಂತೆ ನೋಡಿಕೊಳ್ಳಬೇಕು, ಆದರೆ ಉಸಿರು ಕಟ್ಟುವ ಭಯ ಇದರಲ್ಲಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾದ, ಹುಟ್ಟುಗುಣದಂತೆ ಬರುವ ಲ್ಯಾಕ್ಟೋಸ್ ತೊಂದರೆ ಎರಡು-ಮೂರು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪ.

ಇಲ್ಲೇ ಅನೇಕರು ಎಡವುತ್ತಾರೆ. ಹೈಪರ್‌ಮಾರ್ಕೆಟ್‌ನಲ್ಲಿ 'ಲ್ಯಾಕ್ಟೋಸ್ ಫ್ರೀ' ಹಾಲು ಸಾಲಾಗಿ ಇಟ್ಟಿರುತ್ತಾರೆ. ಅದರಲ್ಲಿ ಇಲ್ಲದಿರುವುದು ಸಕ್ಕರೆ ಮಾತ್ರ, ಪ್ರೋಟೀನ್ ಪೂರ್ತಿ ಇದೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಅದನ್ನು ಕೊಡುವುದೂ ಒಂದೇ, ಮಾಮೂಲಿ ಹಾಲು ಕೊಡುವುದೂ ಒಂದೇ. ಆಡಿನ ಹಾಲು, ಎಮ್ಮೆ ಹಾಲು ಕೂಡ ಪರಿಹಾರವಲ್ಲ, ಅವುಗಳ ಪ್ರೋಟೀನ್ ಹಸುವಿನದಕ್ಕೆ ಬಹಳ ಹತ್ತಿರ. ಒಂಟೆ ಹಾಲು ಬೇರೆಯದಾದರೂ ಡಾಕ್ಟರನ್ನು ಕೇಳದೆ ಪ್ರಯೋಗ ಬೇಡ. ಕುದಿಸಿದರೂ ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್ ಹಾಳಾಗುವುದಿಲ್ಲ. ತುಪ್ಪದಲ್ಲೂ ಅದರ ಅಂಶ ಉಳಿದಿರಬಹುದು.

ತುಟಿಯ ಸುತ್ತ ಕೆಂಪಾದದ್ದೆಲ್ಲ ಅಲರ್ಜಿಯಲ್ಲ

ಟೊಮೆಟೊ, ಕಿತ್ತಳೆ, ಅನಾನಸ್ ತಿಂದಾಗ ಮಗುವಿನ ಗಲ್ಲ, ಕೆನ್ನೆ ಕೆಂಪಾಗುವುದುಂಟು. ಹುಳಿ ರಸ ತಾಗಿದ ಜಾಗದಲ್ಲಿ ಮಾತ್ರ, ಉಬ್ಬಿರುವುದಿಲ್ಲ, ತೊಳೆದರೆ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಅದು ಬರೀ ಚರ್ಮದ ಉರಿ. ಆಹಾರ ತಾಗದ ಹೊಟ್ಟೆ, ಬೆನ್ನಿನ ಮೇಲೆ ಗಂಧೆ ಎದ್ದರೆ ಅದು ಬೇರೆ ವಿಷಯ.

ಇನ್ನೊಂದು ಗೊಂದಲ ವೈರಲ್ ಜ್ವರದ್ದು. ಚಿಕ್ಕ ಮಕ್ಕಳಿಗೆ ನೆಗಡಿ, ಜ್ವರದ ಜೊತೆಗೂ ಪಿತ್ತ ಏಳುತ್ತದೆ. ಅದು ದಿನಗಟ್ಟಲೆ ಬಂದು ಹೋಗಿ ಮಾಡುತ್ತದೆ. ಆಹಾರದ ಗಂಧೆ ತಿಂದ ತಕ್ಷಣ ಬಂದು ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಅದೇ ಆಹಾರ ಮತ್ತೆ ಕೊಟ್ಟರೆ ಮತ್ತೆ ಬರುತ್ತದೆ. ನಿನ್ನೆ ಮೊಟ್ಟೆ ತಿಂದು ಇವತ್ತು ಗಂಧೆ ಎದ್ದರೆ ಮೊಟ್ಟೆಯ ಮೇಲೆ ಅನುಮಾನ ಕಡಿಮೆ.

ಇದಕ್ಕೇ ನಾನು ಮನೆಯಲ್ಲಿ ಒಂದು ಡೇ ಬುಕ್ ಇಟ್ಟಿದ್ದೇನೆ, ಆಫೀಸಿನಲ್ಲಿ ಇಡುವ ಹಾಗೇ. ಏನು ತಿಂದ, ಹೇಗೆ ಬೇಯಿಸಿದ್ದು, ಎಷ್ಟು ಚಮಚ, ತಿಂದ ಸಮಯ, ಮೈಮೇಲೆ ಕಂಡ ಸಮಯ, ಎಷ್ಟು ಹೊತ್ತಿಗೆ ಇಳಿಯಿತು, ಆಗ ಜ್ವರ ಇತ್ತಾ. ಜೊತೆಗೆ ಮೊಬೈಲ್‌ನಲ್ಲಿ ಒಂದು ಫೋಟೋ, ಯಾಕಂದ್ರೆ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಗಂಧೆ ಇರುವುದಿಲ್ಲ. ತಜ್ಞರು ಮೊದಲು ಕೇಳುವುದೇ ಇದನ್ನು. ರಕ್ತ ಪರೀಕ್ಷೆ, ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಆಮೇಲೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಹಾಗೆಯೇ ಪರೀಕ್ಷೆಯಲ್ಲಿ 'ಪಾಸಿಟಿವ್' ಬಂದ ಮಾತ್ರಕ್ಕೆ ಅಲರ್ಜಿ ಇದೆ ಅಂತಲ್ಲ. ದಿನಾ ತಿಂದು ಏನೂ ಆಗದ ಗೋಧಿಗೂ ಪಾಸಿಟಿವ್ ಬರಬಹುದು. ಹತ್ತಾರು ಆಹಾರಗಳ ಪಟ್ಟಿ ಪರೀಕ್ಷೆ ಮಾಡಿಸಿ, ಬಂದದ್ದನ್ನೆಲ್ಲ ಮಗುವಿನ ತಟ್ಟೆಯಿಂದ ತೆಗೆದರೆ ಮಗು ಸೊರಗುತ್ತದೆ.

ಎರಡನೇ ಸಲ, ನಮ್ಮ ತಪ್ಪು

ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ನಾವು ಸ್ವಲ್ಪ ಸಡಿಲವಾಗಿದ್ದೆವು. ಗೆಳೆಯರ ಮನೆಯಲ್ಲಿ ಊಟ. ಗ್ರಿಲ್ ಚಿಕನ್ ತರಿಸಿದ್ದರು, ಜೊತೆಗೆ ಬಿಳಿ ಬೆಳ್ಳುಳ್ಳಿ ಸಾಸ್. ರಾತ್ರಿ 8:20ಕ್ಕೆ ಯಾರೋ ಪ್ರೀತಿಯಿಂದ ಕುಬೂಸ್ ತುಂಡನ್ನು ಆ ಸಾಸ್‌ನಲ್ಲಿ ಅದ್ದಿ ಮಗನ ಬಾಯಿಗಿಟ್ಟರು. ಆ ಸಾಸ್‌ಗೆ ಕೆಲವು ಕಡೆ ಹಸಿ ಮೊಟ್ಟೆಯ ಬಿಳಿ ಅಥವಾ ಮಯೋನೀಸ್ ಸೇರಿಸುತ್ತಾರೆ ಅನ್ನುವುದು ನಮಗೆ ಹೊಳೆಯಲೇ ಇಲ್ಲ.

8:30ಕ್ಕೆ ಕುತ್ತಿಗೆಯಲ್ಲಿ ಗಂಧೆ. ಸಿರಪ್ ಚೀಲದಲ್ಲೇ ಇತ್ತು, ಕುಡಿಸಿದೆವು. "ಕಳೆದ ಸಲ ಹೀಗೇ ಇಳೀತಲ್ಲ" ಅಂತ ಕಾದೆವು. 8:40ಕ್ಕೆ ಒಣ ಕೆಮ್ಮು ಶುರುವಾಯಿತು, ಅಳುವ ದನಿ ಒಡೆದಂತೆ ಕೇಳಿತು. ಗಾಳಿಗೆ ಅಂತ ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಬಾಲ್ಕನಿಗೆ ಹೋದೆ. 8:44ಕ್ಕೆ ಎರಡು ಸಲ ವಾಂತಿ, ಮುಖ ಬಿಳಿಚಿ, ಹೆಗಲ ಮೇಲೆ ಬಟ್ಟೆಯ ಹಾಗೆ ಜೋತುಬಿದ್ದ. ಸುಸ್ತಾಗಿ ನಿದ್ದೆ ಬಂತೇನೋ ಅಂತ ಹೆಂಡತಿ ಅಂದಳು. ಅದು ನಿದ್ದೆಯಾಗಿರಲಿಲ್ಲ, ರಕ್ತದ ಒತ್ತಡ ಇಳಿಯುತ್ತಿತ್ತು. 8:46ಕ್ಕೆ ಗೆಳೆಯ 998ಕ್ಕೆ ಫೋನ್ ಮಾಡಿದ. ಆಂಬುಲೆನ್ಸ್‌ನವರು ಬಂದವರೇ ತೊಡೆಗೆ ಅಡ್ರೆನಲಿನ್ ಚುಚ್ಚಿದರು. ಸ್ವಲ್ಪ ಹೊತ್ತಿಗೇ ಕೆಮ್ಮು ತಗ್ಗಿ ಕಣ್ಣು ತೆರೆದು ನೋಡಿದ. ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಒಮ್ಮೆ ಇಳಿದದ್ದು ಕೆಲವು ಗಂಟೆಯ ನಂತರ ಮತ್ತೆ ತಿರುಗಿ ಬರಬಹುದು, ಅದಕ್ಕೆ.

ಮರುದಿನ ಡಾಕ್ಟರು ಆ ನಿಮಿಷಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. 8:30ಕ್ಕೆ ಬರೀ ಗಂಧೆ ಇದ್ದಾಗ ಸಿರಪ್ ಕೊಟ್ಟು ಕಣ್ಣಿಟ್ಟು ನೋಡುವುದು ಸರಿ. 8:40ಕ್ಕೆ ಕೆಮ್ಮು, ದನಿ ಬದಲಾದಾಗ ಆಟ ಬದಲಾಯಿತು. ಗಂಧೆಯ ಜೊತೆ ಉಸಿರು ಸೇರಿದರೆ ಅದು ಅನಾಫಿಲಾಕ್ಸಿಸ್, ತೀವ್ರ ಅಲರ್ಜಿ. ಆ ಕ್ಷಣದಿಂದ ಸಿರಪ್‌ಗೆ ಕೆಲಸವಿಲ್ಲ. ಅದು ತುರಿಕೆ ಇಳಿಸುತ್ತದೆ, ಅದೂ ಅರ್ಧ ಗಂಟೆ ಹಿಡಿಯಬಹುದು. ಊದಿದ ಗಂಟಲು ತೆರೆಯಲು, ಇಳಿದ ರಕ್ತದ ಒತ್ತಡ ಏರಿಸಲು ಅದರಿಂದಾಗದು. ಅದಕ್ಕೆ ಇರುವುದು ಅಡ್ರೆನಲಿನ್ ಒಂದೇ, ಪ್ರಮಾಣ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ನಾವು ಕಳೆದದ್ದು ಆರು ನಿಮಿಷ. ಇನ್ನೊಂದು ತಪ್ಪು ನೆಟ್ಟಗೆ ಎತ್ತಿಕೊಂಡು ಓಡಾಡಿದ್ದು. ರಕ್ತದ ಒತ್ತಡ ಇಳಿಯುತ್ತಿರುವ ಮಗುವನ್ನು ನೆಟ್ಟಗೆ ಹಿಡಿದರೆ ಹೃದಯಕ್ಕೆ ರಕ್ತ ಇನ್ನೂ ಕಡಿಮೆಯಾಗುತ್ತದೆ.

ಯಾವಾಗ ಕಾಯಬಾರದು

ತಿಂದ ಎರಡು ಗಂಟೆಯೊಳಗೆ ಇವುಗಳಲ್ಲಿ ಯಾವುದಾದರೂ ಕಂಡರೆ ಆಂಬುಲೆನ್ಸ್ ಕರೆಯಿರಿ. ಬಿಡದ ಕೆಮ್ಮು, ಸಿಳ್ಳೆಯಂಥ ಉಸಿರು, ಉಸಿರಾಡಲು ಕಷ್ಟ. ಒಡೆದ ಅಥವಾ ಗೊಗ್ಗರು ದನಿ. ನಾಲಿಗೆ ಊತ, ಜೊಲ್ಲು ನುಂಗಲಾಗದೆ ಸುರಿಯುವುದು. ಗಂಧೆಯ ಜೊತೆ ಮತ್ತೆ ಮತ್ತೆ ವಾಂತಿ. ಮುಖ ಬಿಳಿಚಿ ಅಥವಾ ನೀಲಿಯಾಗಿ, ಮಗು ಇದ್ದಕ್ಕಿದ್ದಂತೆ ಜೋತುಬೀಳುವುದು, ಎಚ್ಚರಿಸಿದರೂ ಮಂಪರು. ಅಲರ್ಜಿ ಇದೆ ಅಂತ ಮೊದಲೇ ಗೊತ್ತಿರುವ ಮಗುವಿಗೆ ಗಂಧೆ ಇಲ್ಲದೆಯೇ ಉಸಿರಿನ ತೊಂದರೆ ಬಂದರೂ ಅದೇ. ತೀವ್ರ ಅಲರ್ಜಿಯಲ್ಲಿ ಕೆಲವೊಮ್ಮೆ ಚರ್ಮದ ಮೇಲೆ ಏನೂ ಕಾಣುವುದಿಲ್ಲ.

ಆಂಬುಲೆನ್ಸ್ ಬರುವವರೆಗೆ ಮಗುವನ್ನು ಮಲಗಿಸಿ, ಕಾಲು ಸ್ವಲ್ಪ ಎತ್ತರದಲ್ಲಿಡಿ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ. ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ ಮಡಿಲಲ್ಲಿ ಕಾಲು ಚಾಚಿ ಕೂರಿಸಿ, ಎಬ್ಬಿಸಿ ನಿಲ್ಲಿಸಬೇಡಿ. ಬೆರಳು ಹಾಕಿ ವಾಂತಿ ಮಾಡಿಸುವುದು, ನೀರು ಕುಡಿಸುವುದು ಬೇಡ. ಟ್ಯಾಕ್ಸಿಯಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುವುದಕ್ಕಿಂತ ಆಂಬುಲೆನ್ಸ್ ಲೇಸು, ಅದರಲ್ಲಿ ಔಷಧಿಯೇ ನಿಮ್ಮ ಬಾಗಿಲಿಗೆ ಬರುತ್ತದೆ.

ಈಗ ನಮ್ಮಲ್ಲಿ ಅಡ್ರೆನಲಿನ್ ಪೆನ್ ಎರಡಿವೆ. ತೊಡೆಯ ಹೊರಭಾಗದ ನಡುವೆ, ಬಟ್ಟೆಯ ಮೇಲಿಂದಲೇ ಒತ್ತಬಹುದು. ಕಾಲು ಅಲುಗದಂತೆ ಗಟ್ಟಿಯಾಗಿ ಹಿಡಿಯಬೇಕು. ಚುಚ್ಚಿದ ಮೇಲೂ ಆಂಬುಲೆನ್ಸ್ ಬೇಕೇ ಬೇಕು, ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಯಾವ ಅಳತೆಯ ಪೆನ್ ಅನ್ನುವುದನ್ನು ಮಗುವಿನ ತೂಕ ನೋಡಿ ಡಾಕ್ಟರು ಬರೆದುಕೊಡುತ್ತಾರೆ. ಇಲ್ಲಿನ ಬೇಸಿಗೆಯಲ್ಲಿ ಒಂದು ಎಚ್ಚರ ಬೇಕು. ಪೆನ್ನನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ, ಕಾವಿಗೆ ಔಷಧಿ ಕೆಡುತ್ತದೆ. ಫ್ರಿಜ್‌ನಲ್ಲೂ ಇಡಬಾರದು, 25 ಡಿಗ್ರಿಯೊಳಗಿನ ಕೋಣೆಯಲ್ಲಿರಲಿ. ಊರಿಗೆ ಹೋಗುವಾಗ ಡಾಕ್ಟರ ಪತ್ರದ ಜೊತೆ ಕೈಚೀಲದಲ್ಲೇ ಒಯ್ಯಿರಿ, ನಮ್ಮ ಊರುಗಳ ಮೆಡಿಕಲ್‌ಗಳಲ್ಲಿ ಈ ಪೆನ್ ಸುಲಭಕ್ಕೆ ಸಿಗುವುದಿಲ್ಲ.

ಹೋಟೆಲ್, ಬೇಕರಿಯಲ್ಲಿ ಕೇಳಲು ನಾಲ್ಕು ಅರಬ್ಬಿ ಪದ ಗೊತ್ತಿದ್ದರೆ ಒಳ್ಳೆಯದು. ಮೊಟ್ಟೆಗೆ ಬೈದ್, ಹಾಲಿಗೆ ಹಲೀಬ್, ಅಲರ್ಜಿಗೆ ಹಸಾಸಿಯ. ಲಬನ್ ಅಂದರೆ ಮಜ್ಜಿಗೆಯಂಥದ್ದು, ಅದೂ ಹಾಲಿನದ್ದೇ.

ನಮ್ಮ ಫ್ರಿಜ್ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಮಗನ ಹೆಸರು, ತೂಕ, "ಮೊಟ್ಟೆ ಅಲರ್ಜಿ", ಮೇಲೆ ಹೇಳಿದ ಲಕ್ಷಣಗಳು, ಕಟ್ಟಡದ ಹೆಸರು ಮತ್ತು ಫ್ಲ್ಯಾಟ್ ನಂಬರ್. ದುಬೈಯವರು ಕಟ್ಟಡದ ಫಲಕದ ಮೇಲಿನ 10 ಅಂಕಿಯ ಮಕಾನಿ ನಂಬರನ್ನೂ ಬರೆದುಕೊಳ್ಳಿ. ಕೆಳಗೆ ಆಂಬುಲೆನ್ಸ್ ನಂಬರ್: ಯುಎಇ 998, ಸೌದಿ 997, ಕುವೈತ್ 112, ಕತಾರ್ ಮತ್ತು ಬಹರೈನ್ 999, ಒಮಾನ್ 9999. ಊರಿಗೆ ರಜೆಗೆ ಹೋದಾಗ 108.

ಮಗನಿಗೆ ಈಗ ಐದು ವರ್ಷ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಚೂರು ಚೂರೇ ಕೊಟ್ಟು ನೋಡಿದರು, ಪೂರ್ತಿ ಒಂದು ಮೊಟ್ಟೆ ತಿಂದ, ಏನೂ ಆಗಲಿಲ್ಲ. ಮೊಟ್ಟೆ, ಹಾಲಿನ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತಾ ಹೀಗೆ ಬಿಟ್ಟುಹೋಗುತ್ತದೆ. ಮಯೋನೀಸ್ ಮಾತ್ರ ಇನ್ನೂ ಬೇಡ ಅಂದಿದ್ದಾರೆ. ಚೀಟಿ ಫ್ರಿಜ್ ಮೇಲೆ ಇನ್ನೂ ಹಾಗೇ ಇದೆ.